ಕಂಪನ ವಿಶ್ಲೇಷಣೆಯ ಎರಡನೇ ವರ್ಗದ ಪ್ರಮಾಣಪತ್ರ: ಕಲಿತದ್ದು, ತಿದ್ದಿಕೊಂಡದ್ದು

ಯಂತ್ರಗಳ ಕಂಪನವನ್ನು ಅಳೆದು ದೋಷ ಗುರುತಿಸುವವರ ಅರ್ಹತೆಯನ್ನು ನಿಗದಿಪಡಿಸುವ ಐ.ಎಸ್.ಒ. 18436-2 ಮಾನದಂಡದ ಪ್ರಕಾರ ನಡೆಯುವ ಕಂಪನ ವಿಶ್ಲೇಷಕರ ಎರಡನೇ ವರ್ಗದ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾಗಿದ್ದೇನೆ. ಪ್ರಮಾಣಪತ್ರ ಕಳೆದ ವಾರ ಕೈಸೇರಿತು. ಐಟಿಐನಲ್ಲಿ ಫಿಟ್ಟರ್ ಕಲಿತು, ಚಿತ್ರದುರ್ಗದಲ್ಲಿ ನೆಲೆಸಿ, ದಾವಣಗೆರೆ, ಹರಿಹರ, ಹಿರಿಯೂರು ಕಡೆಯ ಗಿರಣಿ ಮತ್ತು ಪಂಪ್‌ಹೌಸ್‌ಗಳಲ್ಲಿ ಆರು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನನಗೆ ಇದು ಬಹಳ ಸಂತೋಷದ ಸಂಗತಿ. ಈ ಭಾಗದಲ್ಲಿ ಇದೇ ಕೆಲಸದಲ್ಲಿರುವ ಗೆಳೆಯರಿಗೆ ಉಪಯೋಗವಾಗಲೆಂದು, ಓದಿನಿಂದ ನನ್ನ ಕೆಲಸದಲ್ಲಿ ಏನು ಬದಲಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪರೀಕ್ಷೆಯ ಸ್ವರೂಪವನ್ನು ಚುಟುಕಾಗಿ ಹೇಳುತ್ತೇನೆ. ಎರಡನೇ ವರ್ಗಕ್ಕೆ 18 ತಿಂಗಳ ಕೆಲಸದ ಅನುಭವ ಮತ್ತು 38 ಗಂಟೆಗಳ ತರಬೇತಿ ಬೇಕು. ಮೂರು ಗಂಟೆಗಳಲ್ಲಿ 100 ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಬೇಕು. ಕೆಲಸ ಬಲ್ಲವರಿಗೆ ಪ್ರಶ್ನೆಗಳು ಅಪರಿಚಿತವಲ್ಲ, ಆದರೆ ದಿನವೂ ಮಾಡುವ ಕೆಲಸಕ್ಕೆ ಕಾರಣ ಕೇಳಿದಾಗ ತಡವರಿಸುವಂತಾಗುತ್ತದೆ. ನಾನು ತಡವರಿಸಿದ್ದು ಹೆಚ್ಚಾಗಿ ಮಾಪನದ ಸಿದ್ಧತೆಯ ಅಧ್ಯಾಯದಲ್ಲಿ.

ಅದಕ್ಕೆ ಕಾರಣವೂ ಇತ್ತು. ಕಳೆದ ವರ್ಷ ಒಂದು ಅಕ್ಕಿ ಗಿರಣಿಯ ನೀರಿನ ಪಂಪ್‌ನಲ್ಲಿ ಕಂಪನ ಹೆಚ್ಚಾಗಿದೆ ಎಂದು ನನ್ನನ್ನು ಕರೆಸಿದ್ದರು. ಮೋಟಾರ್ ಎರಡು ಪೋಲಿನದು, ವೇಗ ನಿಮಿಷಕ್ಕೆ 2970 ಸುತ್ತು. ಬೇರಿಂಗ್ ಮೇಲೆ ಸೆನ್ಸಾರ್ ಇಟ್ಟು ನೋಡಿದಾಗ ಸೆಕೆಂಡಿಗೆ 6.8 ಮಿ.ಮೀ. ಕಂಪನ, ಸ್ಪೆಕ್ಟ್ರಮ್‌ನಲ್ಲಿ 100 ಹರ್ಟ್ಸ್ ಸುಮಾರಿಗೆ ಒಂದೇ ಒಂದು ಎತ್ತರದ ಗೆರೆ. ತಿರುಗುವ ವೇಗದ ಎರಡು ಪಟ್ಟಿನಲ್ಲಿ ಗೆರೆ ಎದ್ದರೆ ಅಲೈನ್‌ಮೆಂಟ್ ತಪ್ಪಿದೆ ಎಂದು ನಾವೆಲ್ಲ ಬಾಯಿಪಾಠ ಮಾಡಿಕೊಂಡಿರುವುದರಿಂದ, ಕಪ್ಲಿಂಗ್ ಬಿಚ್ಚಿಸಿ ಲೇಸರ್ ಇಟ್ಟು ಅಲೈನ್‌ಮೆಂಟ್ ಮಾಡಿಸಿದೆ. ಕಂಪನ ಇಳಿಯಲಿಲ್ಲ. ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿದೆ, ಆಗಲೂ ಇಳಿಯಲಿಲ್ಲ. ಎರಡು ಪಾಳಿಯ ಕೆಲಸ ನಿಂತಿತು. ಆ ಗಿರಣಿಯ ಹಿರಿಯ ಫಿಟ್ಟರ್ ಒಬ್ಬರು, "ಸರ್, ಶಬ್ದ ಒಂದೇ ಸಮ ಇಲ್ಲ, ಏರಿ ಇಳೀತೈತಿ, ಅದನ್ನೊಮ್ಮೆ ಕೇಳ್ರಿ" ಎಂದು ಅಂದೇ ಹೇಳಿದ್ದರು. ನಾನು ಉಪಕರಣದ ಪರದೆ ನೋಡುತ್ತಿದ್ದೆನೇ ಹೊರತು ಅವರ ಮಾತಿಗೆ ಕಿವಿಗೊಡಲಿಲ್ಲ.

ತರಬೇತಿಯಲ್ಲಿ ರೆಸಲ್ಯೂಶನ್ ಪಾಠ ನಡೆಯುತ್ತಿದ್ದಾಗ ಆ ಪಂಪ್ ನೆನಪಾಯಿತು. ನಿಮಿಷಕ್ಕೆ 2970 ಸುತ್ತು ಎಂದರೆ 49.5 ಹರ್ಟ್ಸ್, ಅದರ ಎರಡು ಪಟ್ಟು 99 ಹರ್ಟ್ಸ್. ನಮ್ಮ ವಿದ್ಯುತ್ ಜಾಲದ್ದು 50 ಹರ್ಟ್ಸ್, ಅದರ ಎರಡು ಪಟ್ಟು 100 ಹರ್ಟ್ಸ್. ಸ್ಟೇಟರ್ ಮತ್ತು ರೋಟರ್ ನಡುವಿನ ಗಾಳಿಯ ಅಂತರ ಏರುಪೇರಾದರೆ ಗೆರೆ ಏಳುವುದು ಈ 100ರಲ್ಲಿ. ನಾನು ಉಪಕರಣದಲ್ಲಿ ಗರಿಷ್ಠ ಆವರ್ತನವನ್ನು 1000 ಹರ್ಟ್ಸ್‌ಗೆ, ಲೈನ್‌ಗಳನ್ನು 400ಕ್ಕೆ ಇಟ್ಟಿದ್ದೆ. ಹಾಗಿಟ್ಟರೆ ಪಕ್ಕಪಕ್ಕದ ಗೆರೆಗಳ ನಡುವೆ 2.5 ಹರ್ಟ್ಸ್ ಅಂತರವಿರುತ್ತದೆ. 99 ಮತ್ತು 100 ಎರಡೂ ಒಂದೇ ಗೆರೆಯಾಗಿ ಕಾಣದೆ ಬೇರೆ ದಾರಿಯೇ ಇರಲಿಲ್ಲ. ಲೈನ್‌ಗಳನ್ನು 3200ಕ್ಕೆ ಏರಿಸಿದರೆ ಅಂತರ 0.3125 ಹರ್ಟ್ಸ್‌ಗೆ ಇಳಿದು ಎರಡೂ ಬಿಡಿಬಿಡಿಯಾಗಿ ಕಾಣುತ್ತವೆ. ಅದಕ್ಕೆ ತೆರಬೇಕಾದ ಬೆಲೆ ಸಮಯ ಮಾತ್ರ: 0.4 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಒಂದು ಮಾಪನಕ್ಕೆ 3.2 ಸೆಕೆಂಡ್ ಬೇಕಾಗುತ್ತದೆ. ಆ ಮೂರು ಸೆಕೆಂಡ್ ಉಳಿಸಲು ಹೋಗಿ ನಾನು ಎರಡು ಪಾಳಿ ಕಳೆದಿದ್ದೆ.

ತರಬೇತಿ ಮುಗಿದ ಮರುದಿನವೇ ಗಿರಣಿಯವರನ್ನು ಕೇಳಿಕೊಂಡು ಮತ್ತೆ ಹೋದೆ. ಈ ಸಲ 3200 ಲೈನ್‌ಗಳಲ್ಲಿ 99 ಹರ್ಟ್ಸ್‌ನ ಗೆರೆ ಸಣ್ಣದಾಗಿತ್ತು, ಎತ್ತರದ ಗೆರೆ 100ರಲ್ಲಿತ್ತು. ಫಿಟ್ಟರ್ ಹೇಳಿದ್ದ ಶಬ್ದಕ್ಕೆ ಕಿವಿಗೊಟ್ಟೆ. ಗಡಿಯಾರ ನೋಡಿಕೊಂಡು ಎಣಿಸಿದರೆ ಸೆಕೆಂಡಿಗೆ ಒಂದು ಸಲ ಏರಿ ಇಳಿಯುತ್ತಿತ್ತು. 99 ಮತ್ತು 100ರ ನಡುವಿನ ವ್ಯತ್ಯಾಸ ಅದೇ ಅಲ್ಲವೇ? ನನ್ನ ಉಪಕರಣ ಬಿಡಿಸಲಾರದ್ದನ್ನು ಅವರ ಕಿವಿ ಮೊದಲೇ ಬಿಡಿಸಿತ್ತು. ಕಾಲತರಂಗ ದಾಖಲಾಗುತ್ತಿರುವಾಗಲೇ ಸ್ವಿಚ್ ಆಫ್ ಮಾಡಿಸಿದೆ. ಶಾಫ್ಟ್ ಇನ್ನೂ ಭರದಿಂದ ತಿರುಗುತ್ತಿದ್ದಾಗಲೇ ಕಂಪನ ಒಮ್ಮೆಲೇ ಕುಸಿಯಿತು. ದೋಷ ವಿದ್ಯುತ್ ಬಲದ ಕಡೆಯದು ಎಂಬುದು ಅಲ್ಲಿಗೆ ಖಚಿತವಾಯಿತು. ಬಳಿಕ ಮೋಟಾರಿನ ಕಾಲುಗಳಿಗೆ ಡಯಲ್ ಗೇಜ್ ಇಟ್ಟು ಬೋಲ್ಟ್‌ಗಳನ್ನು ಒಂದೊಂದಾಗಿ ಸಡಿಲಿಸಿದಾಗ, ಒಂದು ಕಾಲು 0.2 ಮಿ.ಮೀ. ಮೇಲೆದ್ದಿತು. ಆ ಕಾಲು ನೆಲೆಯ ಮೇಲೆ ಸರಿಯಾಗಿ ಕೂರದಿದ್ದರೂ ಬೋಲ್ಟ್ ಬಿಗಿದದ್ದರಿಂದ ಮೋಟಾರಿನ ಮೈಯೇ ತಿರುಚಿಕೊಂಡು ಒಳಗಿನ ಗಾಳಿಯ ಅಂತರ ಕೆಟ್ಟಿತ್ತು. ಅಷ್ಟೇ ದಪ್ಪದ ಶಿಮ್ ಕೊಟ್ಟು, ಅಲೈನ್‌ಮೆಂಟ್ ಪರೀಕ್ಷಿಸಿ ಬಿಗಿದ ಮೇಲೆ ಕಂಪನ 2.1ಕ್ಕೆ ಇಳಿಯಿತು. ಆ ಹಿರಿಯರ ಕೈ ಹಿಡಿದು, ಅವರ ಮಾತನ್ನು ಮೊದಲೇ ಕೇಳಬೇಕಿತ್ತು ಎಂದು ಒಪ್ಪಿಕೊಂಡೆ.

ಹಾಗಾಗಿ ಈಗ ಸೆನ್ಸಾರ್ ಕೈಗೆತ್ತಿಕೊಳ್ಳುವ ಮೊದಲು ನಾನು ಪುಸ್ತಕ ತೆರೆಯುತ್ತೇನೆ. ವೇಗ, ಪೋಲುಗಳ ಸಂಖ್ಯೆ, ಬೇರಿಂಗ್ ನಂಬರ್, ಪಂಪ್ ಇದ್ದರೆ ಅದರ ಇಂಪೆಲ್ಲರ್‌ನ ರೆಕ್ಕೆಗಳು ಇವಿಷ್ಟನ್ನೂ ಬರೆದುಕೊಂಡು, ಯಾವ ದೋಷ ಯಾವ ಆವರ್ತನದಲ್ಲಿ ಕಾಣಬೇಕು ಎಂದು ಮೊದಲೇ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಉಪಕರಣವನ್ನು ಹೊಂದಿಸುತ್ತೇನೆ. ಬೇರಿಂಗ್‌ನ ಹೊರ ಉಂಗುರದ ಲೆಕ್ಕ ಹೀಗಿದೆ:

```
BPFO = (N / 2) × fr × (1 − (d / D) × cos φ)
```

ಇಲ್ಲಿ N ಗುಂಡುಗಳ ಸಂಖ್ಯೆ, fr ಶಾಫ್ಟ್ ಸೆಕೆಂಡಿಗೆ ತಿರುಗುವ ಸುತ್ತು, d ಗುಂಡಿನ ವ್ಯಾಸ, D ಗುಂಡುಗಳ ಕೇಂದ್ರಗಳು ಹಾದುಹೋಗುವ ವೃತ್ತದ ವ್ಯಾಸ, φ ಸಂಪರ್ಕ ಕೋನ. ಸಾಮಾನ್ಯವಾಗಿ ಸಿಗುವ 9 ಗುಂಡುಗಳ 6205 ಬೇರಿಂಗ್‌ಗೆ ಇದು ಶಾಫ್ಟ್ ವೇಗದ ಸುಮಾರು 3.58 ಪಟ್ಟು; ನಿಮಿಷಕ್ಕೆ 1480 ಸುತ್ತಿನ ಮೋಟಾರಿನಲ್ಲಿ ಸುಮಾರು 88 ಹರ್ಟ್ಸ್. ಪೂರ್ಣಾಂಕವಲ್ಲದ ಪಟ್ಟಿನಲ್ಲಿ ಬರುವುದರಿಂದಲೇ ಬೇರಿಂಗ್ ದೋಷದ ಗೆರೆ ಅನ್‌ಬ್ಯಾಲೆನ್ಸ್, ಅಲೈನ್‌ಮೆಂಟ್‌ಗಳ ಗೆರೆಗಳ ನಡುವೆ ಬೇರೆಯಾಗಿ ಎದ್ದು ಕಾಣುತ್ತದೆ. ಕೈಯಲ್ಲೇ ಲೆಕ್ಕ ಹಾಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸಾಫ್ಟ್‌ವೇರ್ ತೋರಿಸುವ ಸಂಖ್ಯೆ ಎಲ್ಲಿಂದ ಬಂತು ಎಂಬುದು ಆಗ ಮನಸ್ಸಿನಲ್ಲಿ ಉಳಿಯುತ್ತದೆ.

ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಲ್ಲಿ ಕೆಲಸ ಮಾಡುವ ಗೆಳೆಯರಿಗೆ ಇದೇ ಪಾಠ ಇನ್ನೂ ಹೆಚ್ಚು ಬೇಕು. ಮುಖ್ಯ ಶಾಫ್ಟ್ ನಿಮಿಷಕ್ಕೆ 15 ಸುತ್ತು ತಿರುಗುತ್ತಿದ್ದರೆ ಒಂದು ಸುತ್ತಿಗೆ 4 ಸೆಕೆಂಡ್ ಬೇಕು. ಅಲ್ಲಿ 0.4 ಸೆಕೆಂಡಿನ ಮಾಪನ ತೆಗೆದರೆ ಒಂದು ಸುತ್ತಿನ ಹತ್ತನೇ ಒಂದು ಭಾಗ ಮಾತ್ರ ದಾಖಲಾಗುತ್ತದೆ. ಜೊತೆಗೆ ಇಷ್ಟು ಕಡಿಮೆ ವೇಗದಲ್ಲಿ ವೇಗೋತ್ಕರ್ಷ ತೀರಾ ಸಣ್ಣದಾಗಿರುವುದರಿಂದ, ಕಡಿಮೆ ಆವರ್ತನಕ್ಕೆಂದೇ ತಯಾರಾದ ಸೆನ್ಸಾರ್ ಬೇಕಾಗುತ್ತದೆ.

ನನಗೆ ಅಳೆಯುವುದನ್ನು ಕೈಹಿಡಿದು ಕಲಿಸಿದ ಮೇಲ್ವಿಚಾರಕರಿಗೆ, ಓದಿಗೆಂದು ಸಂಜೆಯ ಪಾಳಿ ಬಿಡಿಸಿಕೊಟ್ಟ ಸಹೋದ್ಯೋಗಿಗಳಿಗೆ, ನಾಲ್ಕು ತಿಂಗಳು ರಾತ್ರಿ ಹನ್ನೊಂದರವರೆಗೆ ದೀಪ ಉರಿದರೂ ಬೇಸರಿಸದ ಮನೆಯವರಿಗೆ ನಾನು ಋಣಿ. ಓದುವಾಗ ಕನ್ನಡದಲ್ಲಿ ಬರೆದುಕೊಂಡ 40 ಪುಟಗಳ ಟಿಪ್ಪಣಿ ನನ್ನ ಬಳಿ ಇದೆ; ನಮ್ಮ ಎರಡು ಜಿಲ್ಲೆಗಳಲ್ಲಿ ಮೊದಲನೇ ಅಥವಾ ಎರಡನೇ ವರ್ಗಕ್ಕೆ ಸಿದ್ಧರಾಗುತ್ತಿರುವವರು ಕೇಳಿದರೆ ಕಳುಹಿಸುತ್ತೇನೆ. ನಿಮ್ಮಲ್ಲಿ ಯಾರಾದರೂ 100 ಹರ್ಟ್ಸ್ ಸುತ್ತಮುತ್ತ ಗೆರೆ ಕಂಡು ಅಲೈನ್‌ಮೆಂಟ್ ಎಂದು ಬರೆದಿಟ್ಟ ವರದಿ ಇದ್ದರೆ, ಅದನ್ನು ಎಷ್ಟು ಲೈನ್‌ಗಳಲ್ಲಿ ತೆಗೆದದ್ದು ಎಂದು ಮೊದಲು ನೋಡಿ.