ಅಜ್ಜಿಯ ಬೈಗುಳದ ಬುಟ್ಟಿ

"ಅಜ್ಜಿ ಈಗ ಕೋಳಿಗೆ ಏನಂದ್ರು?" ಕ್ಲಾರಾ ಪುಸ್ತಕ ತೆಗೆದು ಕೂತಳು.

ಶನಿವಾರಸಂತೆಯ ನಮ್ಮ ಮನೆ ಮುಂದಿನ ಕಣದಲ್ಲಿ ಜನವರಿಯ ಬಿಸಿಲಿಗೆ ಕಾಫಿ ಹಣ್ಣು ಹರಡಿತ್ತು. ಹುಂಜ ನೇರ ಅದರ ನಡುವೆ ನುಗ್ಗಿ ಎರಡೂ ಕಾಲಲ್ಲಿ ಕೆದರಿತ್ತು. ಅಜ್ಜಿ ಜಗಲಿಯಿಂದಲೇ ಕೂಗಿದ್ದರು, "ನಿನ್ ಮನೆ ಎಕ್ಕುಟ್ಟೋಗ!"

"ನಿನ್ನ ಮನೇಲಿ ಎಕ್ಕದ ಗಿಡ ಹುಟ್ಟಲಿ ಅಂತ" ಎಂದೆ.

"ಗಿಡ ಹುಟ್ಟೋದು ಒಳ್ಳೇದಲ್ವಾ?"

"ಎಕ್ಕ ಹುಟ್ಟೋದು ಪಾಳು ಬಿದ್ದ ಜಾಗದಲ್ಲಿ. ಮನೆಯವರೆಲ್ಲ ಹೋಗಿ, ಮಾಡು ಕುಸಿದು, ಗೋಡೆ ಬಿದ್ದು, ಆಮೇಲೆ ಆ ಗಿಡ."

ಕ್ಲಾರಾ ಹುಂಜದ ಕಡೆ ನೋಡಿದಳು. ಅದಕ್ಕೆ ಮನೆ ಅಂತ ಇದ್ದಿದ್ದು ಒಂದು ಮುರುಕಲು ಬುಟ್ಟಿ. "ಇಷ್ಟು ದೊಡ್ಡ ಶಾಪವಾ, ಪಾಪ" ಎಂದಳು.

ಕ್ಲಾರಾ ಜರ್ಮನಿಯವಳು. ಮೈಸೂರಿನಲ್ಲಿ ನನ್ನ ಜೊತೆ ಓದುತ್ತಾಳೆ. ರಜೆಗೆ ಕೊಡಗು ತೋರಿಸುತ್ತೇನೆ ಅಂತ ಕರೆತಂದಿದ್ದೆ. ಅಬ್ಬಿ ಜಲಪಾತ, ದುಬಾರೆ ಎಲ್ಲ ಪಟ್ಟಿಯಲ್ಲೇ ಉಳಿದವು. ಅವಳಿಗೆ ಅಜ್ಜಿಯ ಬಾಯಿ ಸಾಕಾಯಿತು.

ಅಜ್ಜಿ ಸುಮ್ನೆ ಬೈಯುವವರಲ್ಲ. ಯಾರಿಗೆ ಯಾವುದು ಅಂತ ಲೆಕ್ಕ ಇದೆ. ಹಾಸಿಗೆ ಬಿಟ್ಟೇಳದ ನನಗೆ "ಮೂದೇವಿ". ಅವಳು ಲಕ್ಷ್ಮಿಯ ಅಕ್ಕ, ಸಮುದ್ರ ಕಡೆದಾಗ ತಂಗಿಗಿಂತ ಮೊದಲು ಎದ್ದು ಬಂದವಳು ಎಂದಾಗ ಕ್ಲಾರಾಗೆ ಖುಷಿಯೋ ಖುಷಿ, "ದೇವರ ಹೆಸರಲ್ಲಿ ಬೈತಾರಾ!" ಹೊತ್ತಿಗೆ ಸರಿಯಾಗಿ ಊಟಕ್ಕೆ ಮಾತ್ರ ಬರುವ ಚಿಕ್ಕಪ್ಪನಿಗೆ "ದಂಡಪಿಂಡ". ಕರೆಂಟ್ ಹೋದರೆ "ಶನಿ". ಶನಿವಾರಸಂತೆಯಲ್ಲಿ ಕೂತು ಶನಿಗೆ ಬೈದರೆ ಊರಿಗೇ ಬೈದಂತಲ್ಲವಾ ಅಂತ ಅವಳು ಕೇಳಿದಳು. ಶನಿವಾರ ಸಂತೆ ಸೇರುವ ಊರು ಅಷ್ಟೇ, ಗ್ರಹಕ್ಕೂ ನಮಗೂ ಜಗಳವಿಲ್ಲ ಎಂದೆ. ಅಪ್ಪನಿಗೆ ಏನೂ ಇಲ್ಲ. ಅಪ್ಪನ ಸ್ಕೂಟರಿಗೆ ಮಾತ್ರ ಬೇಕಾದಷ್ಟಿವೆ.

ಹತ್ತು ಗಂಟೆಗೆ ಪಕ್ಕದ ಮನೆಯ ಪುಟ್ಟಮ್ಮ ಬಂದರು. ಹುಂಜ ಅವರ ಕಾಲಡಿಯಲ್ಲೇ ಓಡಿತು. "ಥೂ, ಮುಂಡೇದೇ!" ಎಂದು ನಕ್ಕು ಒಳಗೆ ಹೋದರು.

ಕ್ಲಾರಾ ಪುಟ ತಿರುವಿದಳು. ಹಿಂದೆ, ಮುಂದೆ, ಮತ್ತೆ ಹಿಂದೆ. "ಈ ಪದ ನಿಮ್ಮ ಚಿಕ್ಕಪ್ಪ ಹೇಳ್ತಾರೆ. ಅಂಗಡಿಯವರು ಹೇಳಿದ್ರು. ನೀನೂ ಫೋನಲ್ಲಿ ಹೇಳ್ದೆ. ಅಜ್ಜಿಯ ಪಟ್ಟಿಯಲ್ಲಿ ಇಲ್ಲ."

"ಇರುತ್ತೆ ಬಿಡು, ನೀನು ಕೇಳಿಲ್ಲ."

"ಇಲ್ಲ."

ನಾನು ಅರ್ಥ ಹೇಳಲು ಶುರು ಮಾಡಿದೆ. ಮುಂಡೆ ಅಂದರೆ ಗಂಡ ಸತ್ತವಳು. ಮುಂಡೇದು ಅಂದರೆ ಅವಳ ಮಗು. ಈಗ ಯಾರೂ ಹಾಗಂತ ಯೋಚಿಸಿ ಹೇಳಲ್ಲ, ಪ್ರೀತಿಗೂ... ಅಷ್ಟರಲ್ಲಿ ನನ್ನ ಮಾತು ನಿಂತುಹೋಯಿತು. ಅಪ್ಪನಿಗೆ ಮೂರು ವರ್ಷ ಇರುವಾಗ ತಾತ ಹೋಗಿದ್ದರು.

ಅಜ್ಜಿ ಕಣದಲ್ಲಿ ಬರಿಗಾಲಲ್ಲಿ ಹಣ್ಣು ತಿರುವುತ್ತಿದ್ದರು. ಪಾದ ಎಳೆದಲ್ಲೆಲ್ಲ ಸಾಲು ಬೀಳುತ್ತಿತ್ತು. ಒಂದು ಹಿಡಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದರು. ಒಣಗಿದ್ದರೆ ಒಳಗೆ ಬೀಜ ಗಲಗಲ ಅನ್ನಬೇಕು. ಅನ್ನಲಿಲ್ಲ. ಮತ್ತೆ ಚೆಲ್ಲಿದರು.

"ಏನಂತೆ ಆ ಮಗೀಗೆ?"

"ಪುಟ್ಟಮ್ಮ ಹೇಳಿದ್ದು ನೀವ್ಯಾಕೆ ಹೇಳಲ್ಲ ಅಂತ."

ಅಜ್ಜಿ ಸಾಲು ಮುಗಿಸಿಯೇ ಉತ್ತರ ಕೊಟ್ಟರು. "ನಿಮ್ಮಪ್ಪನ್ನ ಊರೋರೆಲ್ಲ ಹಂಗೇ ಕರೀತಿದ್ರು. ಮುದ್ದಿಗೇ ಕರೀತಿದ್ರು ಕಣೇ, ಕೈಗೆ ಬೆಲ್ಲ ಕೊಟ್ಟು. ಅವನು ಓ ಅಂತಿದ್ದ." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಅದನ್ನ ಬರ್ಕೊಬೇಡ ಅನ್ನು. ಬೇರೆ ಬೇಕಾದಷ್ಟಿದಾವೆ."

ನಾನು ಅಷ್ಟನ್ನೂ ಹೇಳಿದೆ. ಕ್ಲಾರಾ ಆ ಸಾಲನ್ನು ಹೊಡೆದುಹಾಕಿದಳು. ನಾನು ಫೋನಲ್ಲಿ ಹಾಗೆ ಅಂದಿದ್ದಾಗ ಅಜ್ಜಿ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದರು.

"ಬೇರೆ ಅಂದ್ರಲ್ಲ, ಯಾವುದು?" ಎಂದು ಕ್ಲಾರಾ ನನ್ನ ಕೈಯಲ್ಲಿ ಕೇಳಿಸಿದಳು.

ಅಜ್ಜಿಗೆ ಹುರುಪು ಬಂತು. "ಬರ್ಕೊ. ಅಬ್ಬೇಪಾರಿ. ಕೋಡಂಗಿ. ನಿನ್ ಬಾಯಿಗೆ ಮಣ್ಣಾಕ..." ಹುಂಜ ಮತ್ತೆ ಕಣಕ್ಕಿಳಿದಿತ್ತು. ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಕ್ಲಾರಾ ಎದ್ದು ನಿಂತು, ತರಗತಿಯಲ್ಲಿ ಕಲಿತ ಕನ್ನಡದ ಮರ್ಯಾದೆ ಒಂದಿಷ್ಟೂ ಬಿಡದೆ ಕೂಗಿದಳು: "ನಿಮ್ಮ ಮನೆ ಎಕ್ಕುಟ್ಟೋಗಲಿ, ದಯವಿಟ್ಟು!"

ಹುಂಜ ಕದಲಲಿಲ್ಲ.

"ದಯವಿಟ್ಟು ಅಂದ್ರೆ ಅದು ಹೋಗ್ತದಾ?" ಅಜ್ಜಿ ಕಣದಲ್ಲೇ ಕುಕ್ಕರಿಸಿ ಕೂತು ನಕ್ಕರು. "ನಿನ್ ಅನ್ನವ್ವ, ನಿನ್. ಕೋಲೂ ತಗೋ."