ಹಲ್ಲು ನೋಡಿ ಎತ್ತು ಕೊಳ್ಳುವವರಿಗೆ ನವನಗರದಲ್ಲಿ ಹಳೆಯ ಕಾರುಗಳು

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸುತ್ತೀರಿ. ಲಕ್ಷಗಟ್ಟಲೆ ಕೊಟ್ಟು ಕಾರು ಕೊಳ್ಳುವಾಗ ಹೊಳಪು ನೋಡಿ ಮುಂಗಡ ಎಣಿಸಿದರೆ ಹೇಗೆ? ನಮ್ಮ ಅಂಗಳದಲ್ಲಿ ಮೊದಲು ಬಾನೆಟ್ ತೆರೆಯಿರಿ. ಬೆಲೆ ಹೇಗೂ ಗಾಜಿನ ಮೇಲೆ ಬರೆದಿದೆ; ಟವೆಲ್ ಕೆಳಗೆ ಬೆರಳು ಹಿಡಿಯುವ ವ್ಯಾಪಾರ ಇಲ್ಲಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದನ್ನು ಬಾಗಲಕೋಟೆಯವರಿಗೆ ನೆನಪಿಸಬೇಕಾಗಿಲ್ಲ. ನೀರು ಕುಡಿದ ಕಾರನ್ನು ತೊಳೆದು ಹೊಸದರಂತೆ ನಿಲ್ಲಿಸುವುದು ದೊಡ್ಡ ವಿದ್ಯೆಯೇನಲ್ಲ. ಆದರೆ ಸೀಟ್ ಬೆಲ್ಟನ್ನು ಕೊನೆಯ ಗೇಣಿನವರೆಗೂ ಎಳೆಯಿರಿ. ಸುರುಳಿಯ ಒಳಗಿದ್ದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಕಾರ್ಪೆಟ್ ಎತ್ತಿ, ಸೀಟಿನ ಬೋಲ್ಟ್‌ಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಅಂಥ ಗುರುತು ಕಂಡ ಕಾರನ್ನು ನಾವು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಪ್ರತಿ ಕಾರಿನ ಜೊತೆ ಒಂದು ದೋಷಪಟ್ಟಿ ಇರುತ್ತದೆ. ಈಗ ಬಾಗಿಲ ಬಳಿ ನಿಂತಿರುವ ಬಿಳಿ ಸ್ವಿಫ್ಟ್‌ನದು ಹೀಗಿದೆ: 2018ರ ಪೆಟ್ರೋಲ್ ಗಾಡಿ, 62,400 ಕಿಲೋಮೀಟರ್, ಹಿಂದಿನ ಎಡಬಾಗಿಲಿಗೆ ಮರುಬಣ್ಣ, ಕ್ಲಚ್ ಸ್ವಲ್ಪ ಬಿಗಿ, ಮುಂದಿನ ಎರಡು ಟಯರ್ ಇನ್ನು ಒಂದು ವರ್ಷಕ್ಕಿಂತ ಹೆಚ್ಚು ಬಾರವು. ಬೆಲೆ 4,60,000 ರೂಪಾಯಿ. ನಿಮ್ಮ ಮೆಕ್ಯಾನಿಕ್ ಇನ್ನೊಂದು ದೋಷ ಹುಡುಕಿದರೆ ಅದನ್ನೂ ಪಟ್ಟಿಗೆ ಸೇರಿಸಿ, ಬೆಲೆಯ ಮಾತು ಮತ್ತೆ ಆಡೋಣ.

ಕಾಗದಪತ್ರದ ವಿಷಯದಲ್ಲಿ ನಾವು ಸ್ವಲ್ಪ ಹಟಮಾರಿಗಳು. ಚಾಸಿ ನಂಬರನ್ನು ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ಮೂಡಿಸಿ, ಆರ್‌ಸಿ ಪಕ್ಕದಲ್ಲಿಟ್ಟು ನಿಮ್ಮ ಕಣ್ಣೆದುರೇ ತಾಳೆ ನೋಡುತ್ತೇವೆ. ಸರ್ಕಾರದ mParivahan ಆ್ಯಪ್ ತೆರೆದು ಮಾಲೀಕರ ವಿವರ, ವಿಮೆ, ಸಾಲದ ನಮೂದು ತೋರಿಸುತ್ತೇವೆ. ಸಾಲ ತೀರಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಇರಲೇಬೇಕು. ಮಹಾರಾಷ್ಟ್ರದ ಎಂಎಚ್ ಗಾಡಿ ಅಗ್ಗವೆಂದು ಹಲವರು ಮರುಳಾಗುತ್ತಾರೆ. ಅಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರವಿಲ್ಲದೆ, ಇಲ್ಲಿನ ತೆರಿಗೆ ಲೆಕ್ಕ ಹಾಕದೆ ನಾವು ಅಂಥದ್ದನ್ನು ಮಾರುವುದಿಲ್ಲ.

ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸುವ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸುವುದು, ಆರ್‌ಟಿಒ ಕಚೇರಿಗೆ ಓಡಾಡುವುದು ನಮ್ಮ ಕೆಲಸ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕುತ್ತೇವೆ. ತಡವಾದರೆ ನಿಮ್ಮ ಕಾರಿನ ಹಾನಿಯ ಪರಿಹಾರಕ್ಕೆ ತಕರಾರು ಬರುತ್ತದೆ. ಹೊಸ ಆರ್‌ಸಿ ನಿಮ್ಮ ಕೈಗೆ ಬರುವವರೆಗೆ 20,000 ರೂಪಾಯಿ ನಿಮ್ಮಲ್ಲೇ ಇರಲಿ. ಇದನ್ನು ರಸೀದಿಯಲ್ಲಿ ಬರೆದೇ ಕೊಡುತ್ತೇವೆ.

ಭಾನುವಾರವೂ ತೆರೆದಿರುತ್ತದೆ. ಸಾಧ್ಯವಾದರೆ ಬೆಳಿಗ್ಗೆ 7ಕ್ಕೇ ಬನ್ನಿ. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನನ್ನು ನೀವೇ ಚಾಲೂ ಮಾಡಿ, ಹೊಗೆಯ ಬಣ್ಣ ನೋಡಿ. ನಾವು ಅಷ್ಟರಲ್ಲಿ ಚಹಾ ತರಿಸಿರುತ್ತೇವೆ.