ಪೆರ್ಲದ ದಿನಸಿ ಅಂಗಡಿ ಯೋಜನೆ: ದಿನಕ್ಕೆ ಎಷ್ಟು ವ್ಯಾಪಾರ ಆಗಬೇಕು?

ಚಿಕ್ಕಪ್ಪ, ನೀವು ಕೇಳಿದ್ದು ಒಂದೇ ಪ್ರಶ್ನೆ. ಅಂಗಡಿ ತನ್ನ ಖರ್ಚು ತಾನೇ ಹೊರಬೇಕಾದರೆ ಎಷ್ಟು ವ್ಯಾಪಾರ ಆಗಬೇಕು? ಉತ್ತರ ಮೊದಲೇ ಹೇಳಿಬಿಡುತ್ತೇನೆ: ದಿನಕ್ಕೆ 16,000 ರೂಪಾಯಿ. ಅದಕ್ಕಿಂತ ಕಡಿಮೆ ಆದರೆ ನಷ್ಟ, ಜಾಸ್ತಿ ಆದರೆ ಲಾಭ. ಬ್ರೇಕ್ ಈವನ್ ಅಂದರೆ ಇಷ್ಟೇ. ಈ 16,000 ಎಲ್ಲಿಂದ ಬಂತು ಅಂತ ನೀವೂ ಅತ್ತಿಗೆಯೂ ಪೆನ್ನು ಹಿಡಿದು ಪರೀಕ್ಷೆ ಮಾಡಲಿ ಅಂತ ಲೆಕ್ಕ ಪೂರ್ತಿ ಬರೆದಿದ್ದೇನೆ.

ಮೊದಲು, ಒಂದು ಗಿರಾಕಿ ಬಾರದಿದ್ದರೂ ತಿಂಗಳಿಗೆ ಆಗುವ ಖರ್ಚು:

ಬಾಡಿಗೆ 8,500
ಸಹಾಯಕ್ಕೆ ಇರುವ ಹುಡುಗನ ಸಂಬಳ 13,000
ನನ್ನ ಸಂಬಳ 15,000
ಕರೆಂಟ್ 2,200
ಫೋನು, ಇಂಟರ್ನೆಟ್ 800
ಪಂಚಾಯತ್ ಲೈಸೆನ್ಸ್, ತಕ್ಕಡಿ ಮುದ್ರೆ, ಲೆಕ್ಕ ಬರೆಯುವವರ ಫೀಸು 1,000
ಬ್ಯಾಂಕ್ ಬಡ್ಡಿ 3,500
ಫ್ರೀಜರ್, ರ‍್ಯಾಕ್, ತಕ್ಕಡಿ ಸವೆಯುವುದು 3,000
ಚಿಲ್ಲರೆ ಖರ್ಚು 1,000
ಒಟ್ಟು 48,000

ಕರೆಂಟ್ ಬಿಲ್ಲು ನಮ್ಮಲ್ಲಿ ಎರಡು ತಿಂಗಳಿಗೊಮ್ಮೆ ಬರುತ್ತದೆ ಅಲ್ವಾ, 4,400 ಅಂತ ಅಂದಾಜು ಮಾಡಿ ಅರ್ಧ ಹಾಕಿದ್ದೇನೆ. ಬಡ್ಡಿ 4,20,000 ಸಾಲಕ್ಕೆ ವರ್ಷಕ್ಕೆ 10 ಪರ್ಸೆಂಟ್ ಲೆಕ್ಕದಲ್ಲಿ. ಸಾಮಾನುಗಳಿಗೆ 1,80,000 ಆಗುತ್ತದೆ, ಐದು ವರ್ಷ ಬಾಳುತ್ತವೆ ಅಂತ ಇಟ್ಟುಕೊಂಡರೆ ತಿಂಗಳಿಗೆ 3,000. ಈ ದುಡ್ಡು ಪ್ರತಿ ತಿಂಗಳು ಕೈಬಿಟ್ಟು ಹೋಗುವುದಿಲ್ಲ ನಿಜ, ಆದರೆ ಫ್ರೀಜರ್ ಹಾಳಾದ ದಿನ ಒಟ್ಟಿಗೇ ಹೋಗುತ್ತದೆ.

ನನ್ನ ಸಂಬಳ ಯಾಕೆ ಹಾಕಿದ್ದು ಅಂತ ಅಪ್ಪ ಕೇಳಿದರು. ಸ್ವಂತ ಅಂಗಡಿಗೆ ಸಂಬಳ ಏನು ಅಂತ. ಹಾಕಲೇಬೇಕು. ಬೆಳಿಗ್ಗೆ ಏಳರಿಂದ ರಾತ್ರಿ ಎಂಟೂವರೆವರೆಗೆ ನಿಂತವರ ಕೆಲಸಕ್ಕೆ ಬೆಲೆ ಕಟ್ಟದಿದ್ದರೆ ಲೆಕ್ಕದಲ್ಲಿ 12,000 ಲಾಭ ಕಾಣಬಹುದು, ನಿಜವಾಗಿ ಅದು ನನ್ನ ಕೂಲಿಯೂ ಹುಟ್ಟದ ಅಂಗಡಿ. ಎಷ್ಟೋ ಸಣ್ಣ ಅಂಗಡಿಗಳು ವರ್ಷಗಟ್ಟಲೆ ಹೀಗೇ ನಡೆದು, ಕೊನೆಗೆ ಮನೆಯವರು ಸುಸ್ತಾಗಿ ಬಾಗಿಲು ಹಾಕುತ್ತಾರೆ.

ಈಗ ನೂರು ರೂಪಾಯಿ ವ್ಯಾಪಾರದಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು. ಇಲ್ಲಿ ಗಮನ ಕೊಡಿ, ಮಾರಿದ ಬೆಲೆಯ ಮೇಲೆ ಲೆಕ್ಕ ಹಾಕುವುದು, ಕೊಂಡ ಬೆಲೆಯ ಮೇಲೆ ಅಲ್ಲ. 80ಕ್ಕೆ ತಂದು 100ಕ್ಕೆ ಮಾರಿದರೆ ಉಳಿದದ್ದು ನೂರಕ್ಕೆ 20, ಇಪ್ಪತ್ತೈದಲ್ಲ. ಹೀಗೆ ನೋಡಿದರೆ ಕುಚ್ಚಲಕ್ಕಿ, ಸಕ್ಕರೆ, ಎಣ್ಣೆಯಲ್ಲಿ ನೂರಕ್ಕೆ 8 ಉಳಿಯುತ್ತದೆ. ಬಿಸ್ಕತ್ತು, ಸೋಪು, ಟೀ ಪುಡಿಯಂಥ ಪ್ಯಾಕೆಟ್ ಸಾಮಾನಿನಲ್ಲಿ 12. ಅದರ ಮೇಲೆ ಎಂಆರ್‌ಪಿ ಇರುವುದರಿಂದ ಏರಿಸಲಿಕ್ಕೆ ದಾರಿ ಇಲ್ಲ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸ್, ಹತ್ತಿರದ ಮನೆಗಳಲ್ಲಿ ಮಾಡಿ ಕೊಡುವುದು, ಇವುಗಳಲ್ಲಿ 25.

ನೂರು ರೂಪಾಯಿ ವ್ಯಾಪಾರದಲ್ಲಿ 50 ಅಕ್ಕಿ-ಎಣ್ಣೆಯದ್ದು, 30 ಪ್ಯಾಕೆಟ್‌ಗಳದ್ದು, 20 ಮನೆ ತಿಂಡಿಯದ್ದು ಅಂತ ಹಿಡಿದಿದ್ದೇನೆ. ಆಗ ಉಳಿಯುವುದು 4 + 3.60 + 5 = 12.60. ಇದರಲ್ಲಿ ಮಂಗಳೂರು ಬಂದರಿನಿಂದ ಪಿಕಪ್ ಬಾಡಿಗೆಗೆ 1 ರೂಪಾಯಿ. ಇಲಿ, ಮಳೆಗಾಲದ ತೇವ, ಡೇಟ್ ಮುಗಿದ ಸರಕಿಗೆ 60 ಪೈಸೆ. ಜಿಎಸ್‌ಟಿ 1 ರೂಪಾಯಿ. ಕೊನೆಗೆ ಕೈಯಲ್ಲಿ ಉಳಿದದ್ದು 10.

ಅಂದರೆ 48,000 ÷ 0.10 = 4,80,000. ತಿಂಗಳಿಗೆ ಇಷ್ಟು ವ್ಯಾಪಾರ, 30 ದಿನಕ್ಕೆ ಹಂಚಿದರೆ ದಿನಕ್ಕೆ 16,000. ಒಬ್ಬ ಗಿರಾಕಿ ಸರಾಸರಿ 200 ರೂಪಾಯಿಗೆ ಕೊಂಡರೆ 80 ಜನ ಬರಬೇಕು.

ವರ್ಷಕ್ಕೆ ಇದು 57,60,000 ಆಗುತ್ತದೆ, ಹಾಗಾಗಿ ಜಿಎಸ್‌ಟಿ ನೋಂದಣಿ ಬೇಕೇ ಬೇಕು. ಒಂದೂವರೆ ಕೋಟಿಯ ಒಳಗೆ ಇರುವುದರಿಂದ ಕಾಂಪೊಸಿಷನ್ ಸ್ಕೀಮು ಸಾಕು. ವ್ಯಾಪಾರಿಗಳಿಗೆ ಅದರಲ್ಲಿ 1 ಪರ್ಸೆಂಟ್. ಬಿಡಿಯಾಗಿ ಮಾರುವ ಅಕ್ಕಿಗೆ ತೆರಿಗೆ ಇಲ್ಲ, ಆದರೂ ಜಾಗ್ರತೆಗೆ ಪೂರ್ತಿ ವ್ಯಾಪಾರದ ಮೇಲೆ ಹಿಡಿದಿದ್ದೇನೆ. ಇದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ನಮ್ಮ ಲಾಭದಿಂದಲೇ ಹೋಗುವುದು.

ಪಕ್ಕದ ಅಂಗಡಿಯವರು ಬೆಲೆ ಇಳಿಸಿದರೆ ನಾವೂ ಇಳಿಸೋಣ ಅಂತ ತಮ್ಮ ಹೇಳುತ್ತಿದ್ದಾನೆ. ನೂರಕ್ಕೆ ಬರೀ 2 ರೂಪಾಯಿ ಬಿಟ್ಟರೆ ಏನಾಗುತ್ತದೆ ನೋಡಿ. 98 ರೂಪಾಯಿಗೆ ಉಳಿಯುವುದು 8. 48,000 ಹೊಂದಿಸಲಿಕ್ಕೆ ತಿಂಗಳಿಗೆ 5,88,000, ದಿನಕ್ಕೆ 19,600 ವ್ಯಾಪಾರ ಬೇಕು. ಎರಡು ರೂಪಾಯಿ ಬಿಟ್ಟದ್ದಕ್ಕೆ ದಿನಾ 3,600 ಜಾಸ್ತಿ! ಅದೇ ಮನೆ ತಿಂಡಿಯ ಪಾಲು 20ರಿಂದ 25ಕ್ಕೆ ಏರಿಸಿ ಅಕ್ಕಿಯ ಪಾಲು 45ಕ್ಕೆ ಇಳಿದರೆ ನೂರಕ್ಕೆ 10.85 ಉಳಿಯುತ್ತದೆ, ದಿನಕ್ಕೆ ಸುಮಾರು 14,750 ಸಾಕು. ಹಾಗಾಗಿ ನಾನು ಅಕ್ಕಿ ಬೆಲೆಯಲ್ಲಿ ಯಾರ ಜೊತೆಗೂ ಪೈಪೋಟಿಗೆ ಇಳಿಯುವುದಿಲ್ಲ. ರೇಷನ್ ಅಂಗಡಿಯ ಜೊತೆ ಪೈಪೋಟಿ ಮಾಡಲಿಕ್ಕೂ ಆಗುವುದಿಲ್ಲ. ಎದುರಿನ ರ‍್ಯಾಕಿನಲ್ಲಿ ಹಪ್ಪಳ, ಉಪ್ಪಿನಕಾಯಿ ಇರಬೇಕು, ಅಕ್ಕಿ ಮೂಟೆ ಹಿಂದೆ.

ಇನ್ನೊಂದು ಮಾತು, ಲೆಕ್ಕ ಸರಿಹೋದರೂ ಗಲ್ಲಾಪೆಟ್ಟಿಗೆ ಖಾಲಿ ಇರಬಹುದು. ಬ್ಯಾಂಕಿಗೆ ಬಡ್ಡಿ ಮಾತ್ರ ಅಲ್ಲ, ಅಸಲೂ ಕಟ್ಟಬೇಕು, ಐದು ವರ್ಷಕ್ಕೆ ತಿಂಗಳಿಗೆ 7,000. ಸವೆತದ 3,000 ತೆಗೆದು ಇದನ್ನು ಸೇರಿಸಿದರೆ 52,000 ಬೇಕು. ಅದಕ್ಕೆ ದಿನಕ್ಕೆ ಸುಮಾರು 17,350 ವ್ಯಾಪಾರ ಆಗಬೇಕು, ಅದೂ ನಗದಾಗಿ. ಕಡ ಕೊಟ್ಟದ್ದು ವ್ಯಾಪಾರದ ಲೆಕ್ಕಕ್ಕೆ ಬರುತ್ತದೆ, ಕಂತು ಕಟ್ಟಲಿಕ್ಕೆ ಬರುವುದಿಲ್ಲ. ಪರಿಚಯದ ಮನೆಗಳಿಗೆ ಕಡ ಕೊಡದೆ ಈ ಊರಿನಲ್ಲಿ ಅಂಗಡಿ ನಡೆಯುವುದಿಲ್ಲ, ಗೊತ್ತು. ಆದರೆ ಕಡದ ಪುಸ್ತಕ ಒಟ್ಟು 40,000 ದಾಟಬಾರದು. ದಾಟಿದರೆ ಹಳೆಯದು ಬರುವವರೆಗೆ ಹೊಸ ಕಡ ಇಲ್ಲ.

ಮೊದಲ ದಿನದಿಂದ 16,000 ಬರುವುದಿಲ್ಲ. ಮೊದಲ ಎರಡು ತಿಂಗಳು ದಿನಕ್ಕೆ 9,000, ಆಮೇಲೆ ಎರಡು ತಿಂಗಳು 12,000, ಮತ್ತೆರಡು ತಿಂಗಳು 14,000 ಅಂತ ಹಿಡಿದರೆ ಕೊರತೆ 42,000 + 24,000 + 12,000, ಒಟ್ಟು 78,000. ಅಸಲಿನ ಕಂತು ಇರುವುದರಿಂದ ತಿಂಗಳಿಗೆ 4,000ದಂತೆ ಇನ್ನೂ 24,000. ಅದಕ್ಕೇ 1,10,000 ಮುಟ್ಟದೆ ಬೇರೆ ಇಡಬೇಕು ಅಂತ ಹೇಳುತ್ತಿರುವುದು. ನಿಮ್ಮ 2,00,000 ಸೇರಿ ಒಟ್ಟು 6,20,000ರಲ್ಲಿ ಸಾಮಾನುಗಳಿಗೆ 1,80,000, ಅಡ್ವಾನ್ಸು 50,000, ಸರಕು 2,80,000, ಉಳಿದದ್ದು ಈ ದುಡ್ಡು. ಓಣಂ ಎದುರು ಸರಕು ಜಾಸ್ತಿ ತುಂಬಿಸೋಣ ಅಂತ ಇದಕ್ಕೆ ಕೈ ಹಾಕುವಂತಿಲ್ಲ. ಆಟಿ ತಿಂಗಳಲ್ಲಿ ಜೋರು ಮಳೆ, ಜನ ಪೇಟೆಗೆ ಬರುವುದೇ ಕಡಿಮೆ, ಆಗ ಬೇಕಾಗುವುದು ಇದೇ.

ನಿಮ್ಮ ದುಡ್ಡಿಗೆ ನೀವು ಬಡ್ಡಿ ಬೇಡ ಅಂದಿರಿ, ಅದಕ್ಕೆ ಹಾಕಿಲ್ಲ. ವರ್ಷಕ್ಕೆ 9 ಪರ್ಸೆಂಟ್ ಹಾಕಿದರೆ ತಿಂಗಳಿಗೆ 1,500, ದಿನಕ್ಕೆ 500 ರೂಪಾಯಿ ವ್ಯಾಪಾರ ಜಾಸ್ತಿ ಬೇಕು. ಎರಡನೇ ವರ್ಷದಿಂದ ಅದನ್ನೂ ಸೇರಿಸಿಯೇ ಲೆಕ್ಕ ಕೊಡುತ್ತೇನೆ.

ಪ್ರತಿ ತಿಂಗಳ 5ನೇ ತಾರೀಕಿನ ಒಳಗೆ ಹಿಂದಿನ ತಿಂಗಳ ಮೂರು ಅಂಕಿ ನಿಮಗೆ ವಾಟ್ಸ್ಆ್ಯಪ್ ಮಾಡುತ್ತೇನೆ: ದಿನದ ಸರಾಸರಿ ವ್ಯಾಪಾರ, ನೂರಕ್ಕೆ ಉಳಿದದ್ದು, ಬಾಕಿ ಇರುವ ಕಡ. ಒಂಬತ್ತನೇ ತಿಂಗಳಲ್ಲೂ ಸರಾಸರಿ 14,000 ದಾಟದಿದ್ದರೆ ಹೊಸ ಸರಕು ತರುವುದು ನಿಲ್ಲಿಸಿ, ಹುಡುಗನಿಗೆ ಬೇರೆ ಕೆಲಸ ಹುಡುಕಿಕೊಟ್ಟು ನಾನೊಬ್ಬಳೇ ನಡೆಸಿ ನೋಡುತ್ತೇನೆ. ಆಗ ಖರ್ಚು 35,000ಕ್ಕೆ ಇಳಿಯುತ್ತದೆ, ದಿನಕ್ಕೆ ಸುಮಾರು 11,700 ವ್ಯಾಪಾರ ಆದರೂ ಅಂಗಡಿ ತನ್ನ ಖರ್ಚು ತಾನೇ ಹೊರುತ್ತದೆ.